ಬಂಡವಾಳದ ತೂಕದ ಸರಾಸರಿ ವೆಚ್ಚ: ಪ್ರಶ್ನೆ 7

ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ, ಮಾರುಕಟ್ಟೆ ಮೌಲ್ಯದ ಪ್ರಕಾರ, ₹60 ಲಕ್ಷ ಈಕ್ವಿಟಿಯೂ ₹40 ಲಕ್ಷ ಸಾಲವೂ ಇವೆ. ಷೇರುದಾರರು ನಿರೀಕ್ಷಿಸುವ ಪ್ರತಿಫಲ ಶೇ 15, ಸಾಲದ ಬಡ್ಡಿ ಶೇ 10, ತೆರಿಗೆ ದರ ಶೇ 25 ಆಗಿದ್ದರೆ, ಬಂಡವಾಳದ ತೂಕದ ಸರಾಸರಿ ವೆಚ್ಚ ಎಷ್ಟು?

(ಅ) ಶೇ 11.25 (ಆ) ಶೇ 12 (ಇ) ಶೇ 12.5 (ಈ) ಶೇ 13

ಸರಿಯುತ್ತರ: (ಆ)

ವಿವರಣೆ: ಬಡ್ಡಿಯನ್ನು ಲಾಭದಿಂದ ಕಳೆದ ಮೇಲೆಯೇ ತೆರಿಗೆ ಲೆಕ್ಕ ಹಾಕುವುದರಿಂದ, ಸಾಲದ ನಿಜವಾದ ವೆಚ್ಚ 10 × (1 − 0.25), ಅಂದರೆ ಶೇ 7.5 ಮಾತ್ರ. ಈಕ್ವಿಟಿಯ ಪಾಲು 0.60, ಸಾಲದ ಪಾಲು 0.40.

WACC = (0.60 × 15) + (0.40 × 7.5) = 9 + 3 = 12%

ತೆರಿಗೆಯ ಉಳಿತಾಯವನ್ನು ಮರೆತವರಿಗೆ ಶೇ 13 ಬರುತ್ತದೆ. ಈ ಲೆಕ್ಕದಲ್ಲಿ ಬಹಳ ಮಂದಿ ಎಡವುವುದು ಇಲ್ಲಿಯೇ. ಪಾಲುಗಳನ್ನು ಗಮನಿಸದೆ 15 ಮತ್ತು 7.5ರ ಸರಳ ಸರಾಸರಿ ತೆಗೆದವರು ಶೇ 11.25 ಎಂದು ಗುರುತು ಹಾಕಿರುತ್ತಾರೆ.