ಹಾವು ಕಡಿತದ ಮೊದಲ ಗಂಟೆ: ಉಪನ್ಯಾಸ ಪ್ರಸ್ತಾವದೊಂದಿಗೆ ಸಲ್ಲಿಸಿದ ಭಾಷಣಕಾರರ ಪರಿಚಯ

ಸಮ್ಮೇಳನ: ಶುಶ್ರೂಷಾಧಿಕಾರಿಗಳ ರಾಜ್ಯಮಟ್ಟದ ಸಮ್ಮೇಳನ, ತುರ್ತು ಆರೈಕೆ ಗೋಷ್ಠಿ
ಉಪನ್ಯಾಸದ ವಿಷಯ: ತಾಲ್ಲೂಕು ಆಸ್ಪತ್ರೆಯಲ್ಲಿ ಹಾವು ಕಡಿತದ ಮೊದಲ ಗಂಟೆ ಮತ್ತು ಶುಶ್ರೂಷಾಧಿಕಾರಿಯ ಹೊಣೆ
ಭಾಷಣಕಾರರು: ಶೋಭಾ ಕೆ., ಹಿರಿಯ ಶುಶ್ರೂಷಾಧಿಕಾರಿ

ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ನಾನು ಹಿರಿಯ ಶುಶ್ರೂಷಾಧಿಕಾರಿಯಾಗಿದ್ದೇನೆ. ಹಾವು ಕಡಿತದ ಬಗ್ಗೆ ಸಮ್ಮೇಳನಗಳಲ್ಲಿ ಸಾಮಾನ್ಯವಾಗಿ ಮಾತನಾಡುವವರು ವೈದ್ಯರು ಅಥವಾ ಉರಗತಜ್ಞರು, ಮತ್ತು ಅವರಿಬ್ಬರ ಮಾತೂ ನಮಗೆ ಬೇಕಾದದ್ದೇ. ಆದರೆ ರಾತ್ರಿ ಪಾಳಿಯಲ್ಲಿ ರೋಗಿಯನ್ನು ವಾಹನದಿಂದ ಇಳಿಸಿಕೊಂಡು, ನಾಡಿ ಹಿಡಿದು, ಡ್ರಿಪ್ ಹಾಕಿ, ಪ್ರತಿವಿಷ ಕರಗಿಸಿ, ಮುಂದಿನ ಒಂದು ಗಂಟೆ ಹಾಸಿಗೆಯ ಪಕ್ಕದಿಂದ ಕದಲದೆ ನಿಲ್ಲುವವರು ಶುಶ್ರೂಷಾಧಿಕಾರಿಗಳು. ಔಷಧ ಆಸ್ಪತ್ರೆಯಲ್ಲಿ ಇದ್ದರಷ್ಟೇ ಜೀವ ಉಳಿಯುವುದಿಲ್ಲ, ಆ ಗಂಟೆಯಲ್ಲಿ ಯಾರು ಏನನ್ನು ಗಮನಿಸಿದರು ಎಂಬುದರ ಮೇಲೆ ಉಳಿಯುತ್ತದೆ ಎನ್ನುವುದು ನನ್ನ ಉಪನ್ಯಾಸದ ತಿರುಳು. ಅದನ್ನು ಹೇಳಲು ನಾನು ಅರ್ಹಳೆಂದು ಏಕೆ ಭಾವಿಸಿದ್ದೇನೆ ಎಂಬುದನ್ನು ಸಮಿತಿಯ ಮುಂದೆ ವಿವರವಾಗಿ ಇಡುತ್ತಿದ್ದೇನೆ.

ಜನರಲ್ ನರ್ಸಿಂಗ್ ತರಬೇತಿ ಮುಗಿಸಿದ ಮೇಲೆ ನನ್ನ ಮೊದಲ ನೇಮಕಾತಿ ರಾಯಚೂರು ಜಿಲ್ಲೆಯ ಸಮುದಾಯ ಆರೋಗ್ಯ ಕೇಂದ್ರವೊಂದರಲ್ಲಿ ಆಯಿತು. ಅಲ್ಲಿನ ಒಣ, ಕಲ್ಲುನೆಲದ ಹೊಲಗಳಲ್ಲಿ ಗರಗಸ ಮಂಡಲದ ಕಡಿತ ಕಂಡೆ. ಕಡಿದ ಜಾಗಕ್ಕಿಂತ ಒಸಡಿನಲ್ಲಿ ಜಿನುಗುವ ರಕ್ತವೇ ಅಪಾಯವನ್ನು ಮೊದಲು ತಿಳಿಸುವುದನ್ನು ಅಲ್ಲಿ ಕಲಿತೆ. ವರ್ಗಾವಣೆಯಾಗಿ ಮಲೆನಾಡಿಗೆ ಬಂದ ಮೇಲೆ ನೋಡಿದ್ದು ಬೇರೆಯೇ ಚಿತ್ರ. ಇಲ್ಲಿ ಗದ್ದೆಯ ಅಂಚಿನಲ್ಲಿ ಕೊಳಕುಮಂಡಲ, ಕೊಟ್ಟಿಗೆಯ ಹುಲ್ಲಿನಲ್ಲಿ ನಾಗರಹಾವು, ನೆಲದ ಮೇಲೆ ಮಲಗಿದವರ ಹಾಸಿಗೆಯಲ್ಲಿ ಕಟ್ಟುಹಾವು. ಇವುಗಳ ಜೊತೆಗೆ ಅಡಕೆ ತೋಟದ ದರಗಿನಲ್ಲಿ ಮೂಗಿನ ತುದಿ ಮೇಲಕ್ಕೆ ಎದ್ದಿರುವ ಸಣ್ಣ ಗುಳಿಮಂಡಲವೂ ಇದೆ. ನಮ್ಮ ದೇಶದಲ್ಲಿ ದೊರೆಯುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷದ ವಿರುದ್ಧ ತಯಾರಿಸಲಾಗುತ್ತದೆ. ಈ ಗುಳಿಮಂಡಲದ ಕಡಿತಕ್ಕೆ ಅದು ಕೆಲಸ ಮಾಡುವುದಿಲ್ಲ. ಹಾವು ಯಾವುದೆಂದು ಗೊತ್ತಿಲ್ಲದೆ ಬರುವ ರೋಗಿಗಳೇ ಹೆಚ್ಚಾದ್ದರಿಂದ, ಹಾವಿನ ಹೆಸರಿಗೆ ಕಾಯದೆ ರೋಗಿಯ ಮೈಯಲ್ಲಿ ಕಾಣುವ ಲಕ್ಷಣಗಳನ್ನು ಓದುವುದನ್ನು ನಾನು ರೂಢಿಸಿಕೊಂಡಿದ್ದು ಈ ಎರಡು ಪ್ರದೇಶಗಳ ಅನುಭವದಿಂದ.

ನಡುವೆ ಕೆಲವು ಕಾಲ ಜಿಲ್ಲಾ ಮಟ್ಟದ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ನಿಯೋಜನೆಯ ಮೇಲೆ ದುಡಿದಿದ್ದೇನೆ. ತಾಲ್ಲೂಕುಗಳಿಂದ ರೆಫರ್ ಆಗಿ ಬಂದ ರೋಗಿಗಳಿಗೆ ವೆಂಟಿಲೇಟರ್ ಮೇಲೆ ಆರೈಕೆ ಮಾಡುವಾಗ, ಅವರ ಜೊತೆ ಬಂದ ಚೀಟಿಗಳನ್ನು ಗಮನವಿಟ್ಟು ಓದುತ್ತಿದ್ದೆ. ಪ್ರತಿವಿಷ ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ವಯಲ್ ಹೋಯಿತು, ಹೊರಡುವಾಗ ಉಸಿರಾಟ ಹೇಗಿತ್ತು ಎಂಬ ಮೂರು ಸಾಲುಗಳಿದ್ದ ಚೀಟಿ ಬಂದಾಗ ಮುಂದಿನ ಚಿಕಿತ್ಸೆ ಎಷ್ಟು ಸಲೀಸಾಗುತ್ತಿತ್ತು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಕಳಿಸುವ ಆಸ್ಪತ್ರೆ, ಬರಮಾಡಿಕೊಳ್ಳುವ ಆಸ್ಪತ್ರೆ ಎರಡರ ಕಡೆಯಿಂದಲೂ ಈ ಕೆಲಸವನ್ನು ಬಲ್ಲವಳೆಂಬುದು ನನ್ನ ಪ್ರಸ್ತಾವಕ್ಕೆ ಮುಖ್ಯವಾದ ಆಧಾರ.

ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು, ಏಕೆಂದರೆ ಉಪನ್ಯಾಸದ ಅರ್ಧ ಭಾಗ ಇಂಥ ರೋಗಿಗಳ ಬಗ್ಗೆಯೇ ಇದೆ. ಮಳೆಗಾಲದ ಒಂದು ಬೆಳಗಿನ ಜಾವ ಹೊಟ್ಟೆನೋವೆಂದು ಒಬ್ಬ ಕೂಲಿ ಮಹಿಳೆಯನ್ನು ಮನೆಯವರು ಕರೆತಂದರು. ಜ್ವರವಿರಲಿಲ್ಲ, ವಾಂತಿ ಒಮ್ಮೆ ಆಗಿತ್ತು, ಮೈಮೇಲೆ ಗಾಯವಾಗಲಿ ಬಾವಾಗಲಿ ಕಾಣಲಿಲ್ಲ. ಮಾತನಾಡಿಸುವಾಗ ಆಕೆ ನನ್ನನ್ನು ನೋಡಲು ತಲೆಯನ್ನು ಹಿಂದಕ್ಕೆ ವಾಲಿಸುತ್ತಿದ್ದರು. ರೆಪ್ಪೆ ಅರ್ಧ ಇಳಿದಿತ್ತು. ರಾತ್ರಿ ಎಲ್ಲಿ ಮಲಗಿದ್ದಿರಿ ಎಂದು ಕೇಳಿದೆ. ನೆಲದ ಮೇಲೆ, ಚಾಪೆ ಹಾಸಿಕೊಂಡು ಎಂದರು. ದಿಂಬಿನಿಂದ ತಲೆ ಎತ್ತಲು ಹೇಳಿದರೆ ಎತ್ತಲಾಗಲಿಲ್ಲ, ಒಂದೇ ಉಸಿರಿನಲ್ಲಿ ಎಣಿಸಲು ಹೇಳಿದರೆ ಹತ್ತು ದಾಟಲಿಲ್ಲ. ಕರ್ತವ್ಯದಲ್ಲಿದ್ದ ವೈದ್ಯರನ್ನು ಕೂಡಲೇ ಕರೆದು ಕಟ್ಟುಹಾವಿನ ಕಡಿತ ಇರಬಹುದೆಂದು ತಿಳಿಸಿದೆ. ಅವರು ಪರೀಕ್ಷಿಸಿ ಪ್ರತಿವಿಷ ಶುರು ಮಾಡಿದರು, ಉಸಿರಾಟ ಇಳಿಯತೊಡಗಿದಾಗ ನಳಿಕೆ ಹಾಕಿದರು, 108 ಆಂಬುಲೆನ್ಸಿನಲ್ಲಿ ನಾನು ಅಂಬು ಬ್ಯಾಗ್ ಒತ್ತುತ್ತ ಜಿಲ್ಲಾಸ್ಪತ್ರೆಯವರೆಗೆ ಹೋದೆ. ಆಕೆ ಗುಣವಾಗಿ ಮನೆಗೆ ಮರಳಿದರು. ಕಟ್ಟುಹಾವಿನ ವಿಷ ನರದ ತುದಿಗೇ ಪೆಟ್ಟು ಕೊಡುವುದರಿಂದ ಪ್ರತಿವಿಷ ಕೊಟ್ಟ ಮೇಲೂ ದಿನಗಟ್ಟಲೆ ಕೃತಕ ಉಸಿರಾಟ ಬೇಕಾಗಬಹುದು. ಆ ದಿನಗಳಲ್ಲಿ ಕಣ್ಣು ತೆರೆಯಲಾಗದ, ಬೆರಳು ಅಲುಗಿಸಲಾಗದ ರೋಗಿಗೆ ನಮ್ಮ ಮಾತೆಲ್ಲ ಕೇಳಿಸುತ್ತಿರುತ್ತದೆ. ಆದ್ದರಿಂದ ಹಾಸಿಗೆಯ ಪಕ್ಕ ನಿಂತು ಬದುಕುವುದಿಲ್ಲವೆಂಬಂತೆ ಮಾತನಾಡಬಾರದು, ಪ್ರತಿ ಬಾರಿ ಮುಟ್ಟುವ ಮೊದಲು ಹೆಸರು ಹಿಡಿದು ಹೇಳಬೇಕು ಎಂಬುದನ್ನು ನಾನು ತರಬೇತಿಗೆ ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಉಪನ್ಯಾಸದಲ್ಲಿ ಪ್ರಾತ್ಯಕ್ಷಿಕೆಯಾಗಿ ತೋರಿಸಲು ಇಚ್ಛಿಸುವುದು ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವಿಕೆ ಪರೀಕ್ಷೆಯ ಕ್ರಮವನ್ನು. ಇದಕ್ಕೆ ಯಂತ್ರ ಬೇಡ, ಪ್ರಯೋಗಾಲಯ ಬೇಡ. ರಕ್ತನಾಳದಿಂದ ತೆಗೆದ ಸುಮಾರು 2 ಮಿಲಿಲೀಟರ್ ರಕ್ತವನ್ನು ಗಾಜಿನ ಪ್ರನಾಳಕ್ಕೆ ಹಾಕಿ, ಅಲುಗಾಡಿಸದೆ 20 ನಿಮಿಷ ನಿಲ್ಲಿಸಿ, ನಂತರ ಒಮ್ಮೆ ಬಾಗಿಸಿ ನೋಡಬೇಕು. ರಕ್ತ ಇನ್ನೂ ಹರಿಯುತ್ತಿದ್ದರೆ ಮಂಡಲದ ವಿಷ ಮೈಗೇರಿದೆ ಎಂದು ತಿಳಿಯಬೇಕು. ಕೇಳಲು ಇಷ್ಟೇ. ಆದರೆ ಪ್ರನಾಳ ಪ್ಲಾಸ್ಟಿಕ್ಕಿನದಾದರೆ ಅಥವಾ ಸಾಬೂನಿನ ಪುಡಿಯಲ್ಲಿ ತೊಳೆದದ್ದಾದರೆ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಹೋಗಬಹುದು, ಅನಗತ್ಯವಾಗಿ ಪ್ರತಿವಿಷ ಹೋಗಬಹುದು. ನಾನು ಕೆಲಸ ಮಾಡಿದ ಒಂದು ಕಡೆ ತೊಳೆದ ಪ್ರನಾಳಗಳನ್ನೇ ಮತ್ತೆ ಬಳಸುವ ರೂಢಿ ಇತ್ತು. ಮೇಲಧಿಕಾರಿಗಳ ಒಪ್ಪಿಗೆ ಪಡೆದು ಹೊಸ, ಒಣ, ಗಾಜಿನ ಪ್ರನಾಳಗಳನ್ನು ಹಾವು ಕಡಿತದ ಟ್ರೇಯಲ್ಲಿ ಬೇರೆಯಾಗಿ ಇಡುವ ಕ್ರಮ ತಂದೆ. ಮೊದಲ ಬಾರಿ ಪರೀಕ್ಷೆ ಮಾಡುವಾಗ ರೋಗಿಯ ಜೊತೆ ಬಂದ ಆರೋಗ್ಯವಂತರೊಬ್ಬರ ರಕ್ತವನ್ನೂ, ಅವರ ಒಪ್ಪಿಗೆಯಿಂದ, ಪಕ್ಕದ ಪ್ರನಾಳದಲ್ಲಿ ಇಟ್ಟು ಹೋಲಿಸುತ್ತೇವೆ. ಪ್ರತಿವಿಷ ಕೊಟ್ಟು ಆರು ಗಂಟೆಯಾದ ಮೇಲೆ ಪರೀಕ್ಷೆಯನ್ನು ಮತ್ತೆ ಮಾಡಬೇಕಾದ್ದರಿಂದ ಆ ಹೊತ್ತಿಗೆ ಪಾಳಿ ಬದಲಾಗಿರುತ್ತದೆ; ಮುಂದಿನ ಪಾಳಿಯವರು ಯಾವ ಗಂಟೆಗೆ ರಕ್ತ ತೆಗೆಯಬೇಕೆಂದು ಕೇಸ್ ಶೀಟಿನ ಮೊದಲ ಪುಟದಲ್ಲೇ ಬರೆದಿಡುವುದು ಈಗ ನಮ್ಮಲ್ಲಿ ಕಡ್ಡಾಯವಾಗಿದೆ.

ಪ್ರತಿವಿಷ ಕೊಡುವ ಕೆಲಸದಲ್ಲೂ ಕೈಯ ಅನುಭವ ದೊಡ್ಡದು. ಪುಡಿಯ ರೂಪದ ಪ್ರತಿವಿಷವನ್ನು ಕುಲುಕಿದರೆ ನೊರೆ ಬರುತ್ತದೆ, ಅಂಗೈಯಲ್ಲಿ ಮೆಲ್ಲಗೆ ಹೊರಳಿಸಿ ಕರಗಿಸಬೇಕು. ಹತ್ತು ವಯಲ್ ಕರಗಿಸಲು ಒಬ್ಬರೇ ಕುಳಿತರೆ ಅಮೂಲ್ಯ ಸಮಯ ಹೋಗುತ್ತದೆ. ಮಗುವೆಂದು ಪ್ರಮಾಣ ಕಡಿಮೆ ಮಾಡುವಂತಿಲ್ಲ, ಏಕೆಂದರೆ ಹಾವು ಮಗುವಿಗೆ ಕಡಿಮೆ ವಿಷ ಬಿಟ್ಟಿರುವುದಿಲ್ಲ. ಡ್ರಿಪ್ ಶುರುವಾದ ಮೊದಲ ನಿಮಿಷಗಳಲ್ಲಿ ತುರಿಕೆ, ದದ್ದು, ಏದುಸಿರು ಕಂಡರೆ ನಿಲ್ಲಿಸಿ ಅಡ್ರಿನಲಿನ್ ಕೊಡಬೇಕಾಗುವುದರಿಂದ ಅದನ್ನು ಸಿರಿಂಜಿಗೆ ಎಳೆದು ಟ್ರೇಯಲ್ಲಿ ಇಟ್ಟುಕೊಂಡೇ ಡ್ರಿಪ್ ಶುರು ಮಾಡುವುದು ನಮ್ಮ ಪದ್ಧತಿ. ಊರಿನಲ್ಲಿ ಬಿಗಿಯಾಗಿ ಕಟ್ಟಿದ ಹಗ್ಗವನ್ನು ಬಂದ ಕೂಡಲೇ ಕತ್ತರಿಸಿಬಿಡುವ ಆತುರವೂ ಅಪಾಯಕಾರಿ; ವೈದ್ಯರು ಪಕ್ಕದಲ್ಲಿದ್ದು, ಡ್ರಿಪ್ ಹಾಗೂ ಔಷಧ ಸಿದ್ಧವಾದ ಮೇಲೆಯೇ ಅದನ್ನು ಬಿಚ್ಚಬೇಕು.

2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಅವರಲ್ಲಿ ಬಹುಪಾಲು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು, ಮರುತಿಂಗಳೇ ಕೇಂದ್ರ ಸರ್ಕಾರ 2030ರೊಳಗೆ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿಯ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಹೊರತಂದಿತು. ಆ ವರದಿಯ ಅಂಕಣಗಳನ್ನು ಹೆಚ್ಚಿನ ಆಸ್ಪತ್ರೆಗಳಲ್ಲಿ ತುಂಬುವವರು ನಾವೇ. ಕಡಿದ ಸಮಯಕ್ಕೂ ಆಸ್ಪತ್ರೆಗೆ ಬಂದ ಸಮಯಕ್ಕೂ ನಡುವಿನ ಅಂತರವನ್ನು, ಆ ಅವಧಿಯಲ್ಲಿ ರೋಗಿ ಎಲ್ಲಿದ್ದರು ಎಂಬುದನ್ನು ಬೈಯದೆ, ಹೆದರಿಸದೆ ಕೇಳಿ ಬರೆದುಕೊಂಡರೆ ಮಾತ್ರ ಆ ದಾಖಲೆಗೆ ಬೆಲೆ. ನಾಟಿ ವೈದ್ಯರ ಬಳಿ ಹೋಗಿದ್ದೆವೆಂದು ಹೇಳಲು ಜನ ಅಂಜುತ್ತಾರೆ. ನಮ್ಮ ತಾಲ್ಲೂಕಿನ ಆಶಾ ಕಾರ್ಯಕರ್ತೆಯರ ಮಾಸಿಕ ಸಭೆಗಳಲ್ಲಿ ನಾನು ಈ ವಿಷಯವನ್ನು ಮಾತನಾಡುತ್ತಾ ಬಂದಿದ್ದೇನೆ, ಕೆಲವು ಊರುಗಳಲ್ಲಿ ನಾಟಿ ವೈದ್ಯರನ್ನೇ ಭೇಟಿಯಾಗಿ ಹಾವು ಕಡಿತದವರು ಬಂದರೆ ತಡಮಾಡದೆ ನಮ್ಮಲ್ಲಿಗೆ ಕಳಿಸುವಂತೆ ಒಪ್ಪಿಸಿದ್ದೇನೆ. ಅವರನ್ನು ದೂರ ಇಟ್ಟು ಈ ಕೆಲಸ ಸಾಗುವುದಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ನನ್ನ ಪರಿಧಿಯನ್ನೂ ಸಮಿತಿಗೆ ತಿಳಿಸುವುದು ಉಚಿತ. ಹಾವು ಹಿಡಿಯುವುದು, ಹಾವಿನ ಜಾತಿ ಗುರುತಿಸುವುದು, ವಿಷದ ರಸಾಯನಶಾಸ್ತ್ರ ನನ್ನ ಕ್ಷೇತ್ರಗಳಲ್ಲ. ಪ್ರತಿವಿಷ ಕೊಡಬೇಕೆ, ಎಷ್ಟು ಕೊಡಬೇಕು ಎಂಬ ನಿರ್ಧಾರ ವೈದ್ಯರದ್ದು. ಆ ನಿರ್ಧಾರ ಸರಿಯಾದ ಹೊತ್ತಿಗೆ ಆಗುವಂತೆ ಲಕ್ಷಣಗಳನ್ನು ಅವರ ಮುಂದಿಡುವುದಷ್ಟೇ ನನ್ನ ಮಾತಿನ ವ್ಯಾಪ್ತಿ. ರೋಗಿಗಳ ಹೆಸರು, ಊರು, ಛಾಯಾಚಿತ್ರಗಳನ್ನು ಬಳಸುವುದಿಲ್ಲ. ಯಾವುದೇ ಔಷಧ ಕಂಪನಿಯಿಂದ ಸಂಭಾವನೆಯಾಗಲಿ ಪ್ರಯಾಣವೆಚ್ಚವಾಗಲಿ ಪಡೆದಿಲ್ಲ.

ಉಪನ್ಯಾಸವನ್ನು ಕನ್ನಡದಲ್ಲಿಯೇ ನೀಡುತ್ತೇನೆ. ರೋಗಿಗೆ ಕೇಳುವ ಪ್ರಶ್ನೆಗಳು ಕನ್ನಡದಲ್ಲೇ ಇರುವಾಗ ಅವುಗಳ ತರಬೇತಿಯೂ ಕನ್ನಡದಲ್ಲೇ ಆಗಬೇಕು. ರಾಯಚೂರಿನ ಕಡೆಯವರು ಹೇಳುವ ರೀತಿಗೂ ಮಲೆನಾಡಿನವರು ಹೇಳುವ ರೀತಿಗೂ ವ್ಯತ್ಯಾಸವಿರುವುದನ್ನು ಬಲ್ಲೆನಾದ್ದರಿಂದ ಎರಡೂ ಕಡೆಯ ಉದಾಹರಣೆಗಳನ್ನು ಕೊಡಬಲ್ಲೆ. ಸಮಿತಿ 40 ನಿಮಿಷ ನೀಡಿದರೆ ಮೊದಲ ಹತ್ತು ನಿಮಿಷದೊಳಗೆ ಪ್ರನಾಳಗಳ ಕ್ರಮವನ್ನು ರಕ್ತವಿಲ್ಲದೆ ತೋರಿಸಿ, ಆ ಗಡಿಯಾರ ಓಡುತ್ತಿರುವಂತೆಯೇ ರೆಪ್ಪೆ, ಕತ್ತು, ಉಸಿರಿನ ತಪಾಸಣೆಯನ್ನು ಸಭಿಕರಿಂದಲೇ ಒಬ್ಬರ ಮೇಲೊಬ್ಬರು ಮಾಡಿಸುತ್ತೇನೆ. ಉಳಿದ ಸಮಯ ಪ್ರಶ್ನೆಗಳಿಗೆ ಮೀಸಲು. ಪ್ರನಾಳಗಳನ್ನು, ಖಾಲಿ ವಯಲ್‌ಗಳನ್ನು, ನಮ್ಮ ವಿಭಾಗದ ಗೋಡೆಯಲ್ಲಿರುವ ಕನ್ನಡದ ತಪಾಸಣಾ ಪಟ್ಟಿಯ ಪ್ರತಿಗಳನ್ನು ನಾನೇ ತರುತ್ತೇನೆ. ಒಂದು ಮೇಜು, ಸೆಕೆಂಡಿನ ಮುಳ್ಳಿರುವ ಗೋಡೆ ಗಡಿಯಾರ ಮತ್ತು ಹಿಂದಿನ ಸಾಲಿಗೂ ಕೇಳುವ ಧ್ವನಿವರ್ಧಕವನ್ನು ಒದಗಿಸಬೇಕೆಂದು ಕೋರುತ್ತೇನೆ.