ಮೂವತ್ತನೇ ನಂಬರು

ಶಾರದಮ್ಮನಿಗೆ ಅಟ್ಟ ಹತ್ತುವುದು ಹೊಸದೇನಲ್ಲ. ಅಡಿಕೆ ಮೂಟೆ ಇಳಿಸಲು ವರ್ಷಗಟ್ಟಲೆ ಏಣಿ ಹತ್ತಿದವರೇ. ಆದರೆ ಅದು ಮಂಡಿ ಹೇಳಿದ ಮಾತು ಕೇಳುತ್ತಿದ್ದ ಕಾಲ. ಈಗ ವಯಸ್ಸು 68. ಸಾಗರದಲ್ಲಿ ರೈಲು ಹತ್ತಿ, ಪಕ್ಕದ ಮನೆ ಹುಡುಗ ಚೀಟಿಯಲ್ಲಿ ಬರೆದುಕೊಟ್ಟ 30ನೇ ನಂಬರು ಹುಡುಕಿ ತಲೆ ಎತ್ತಿದರೆ, ಅದು ಛಾವಣಿಗೆ ಅಂಟಿಕೊಂಡಂತಿತ್ತು.

"ಇದು ಮಲಗೋದಕ್ಕಾ, ಸಾಮಾನು ಇಡೋದಕ್ಕಾ?" ಎಂದರು.

ಯಾರೋ ಕಿಸಕ್ಕೆಂದರು. ಕೆಳಗೆ 28ರಲ್ಲಿ ಕೂತಿದ್ದ ಹುಡುಗಿ. ಮೈಸೂರಿನಲ್ಲಿ ಓದುತ್ತಾಳಂತೆ. ಅವಳೇ ತನ್ನ ಫೋನಿನಿಂದ ಮಗನಿಗೆ ಕರೆ ಹಚ್ಚಿಕೊಟ್ಟಳು.

"ತತ್ಕಾಲ್ ಅಮ್ಮ. ಅದರಲ್ಲಿ ಕೆಳಗಿನದೇ ಬೇಕು ಅಂದ್ರೆ ಸಿಗಲ್ಲ. ನೀನೇ ಅಲ್ವಾ ನಿನ್ನೆ ಇದ್ದಕ್ಕಿದ್ದಂತೆ ಹೊರಡ್ತೀನಿ ಅಂದಿದ್ದು?"

ಅದೂ ನಿಜ. ಮೊಮ್ಮಗ ಫೋನಿನಲ್ಲಿ "ಅಜ್ಜಿ, ನನ್ನ ಹಲ್ಲು ಬಿತ್ತು" ಅಂದಿದ್ದ. ಅಷ್ಟಕ್ಕೇ ಹೊರಟಿದ್ದರು. ಬಸ್ಸಿನಲ್ಲಿ ಬರುವುದು ಬೇಡ, ನಡುವೆ ಎಲ್ಲೂ ಇಳಿಯೋಕಾಗಲ್ಲ ಅಂತ ಮಗನೇ ರೈಲು ಹಿಡಿಸಿದ್ದು.

"ಅಜ್ಜಿ, ನೀವಿಲ್ಲಿ ಮಲಗಿ. ನಾನು ಮೇಲೆ ಹೋಗ್ತೀನಿ."

"ಬೇಡಮ್ಮ, ನಿನ್ನ ಜಾಗ ಅದು."

"ನನಗೆ ಮೇಲೇ ಇಷ್ಟ. ಅಲ್ಲಿ ಯಾರೂ ಎಬ್ಬಿಸಲ್ಲ."

ಸುಮ್ನೆ ಹೇಳಿದಳು ಅಂತ ಶಾರದಮ್ಮನಿಗೆ ಗೊತ್ತಾಯಿತು. ಆದರೂ ಕೂತರು. ಟಿಕೆಟ್ ನೋಡುವವರು ಬಂದಾಗ ಸೀರೆಯ ಸೆರಗಿನ ಗಂಟು ಬಿಚ್ಚಿ ಆಧಾರ್ ಕಾರ್ಡು ಕೊಟ್ಟು, ಯಾರೂ ಕೇಳದಿದ್ದರೂ "ನಾನು ಜಾಗ ಕಿತ್ಕೊಂಡಿಲ್ಲ ಸ್ವಾಮಿ, ಅವಳೇ ಕೊಟ್ಟಿದ್ದು" ಎಂದರು. ಅವರು ನಕ್ಕು ಮುಂದೆ ಹೋದರು.

ಇನ್ನು ಉಪ್ಪಿನಕಾಯಿ ಭರಣಿಯ ಚಿಂತೆ. ಮಾವಿನ ಮಿಡಿಯದು. ಬಾಯಿಗೆ ಬಟ್ಟೆ ಕಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಕಟ್ಟಿ, ಚೀಲದಲ್ಲಿ ನೇರ ನಿಲ್ಲಿಸಿದ್ದರು. ಸೀಟಿನ ಕೆಳಗಿಟ್ಟರೆ ಉರುಳೀತು, ಮೇಲಿಟ್ಟರೆ ಬಿದ್ದೀತು. ಕೊನೆಗೆ ಆಚೆ ಕಿಟಕಿಯ ಪಕ್ಕದ ಸೀಟಿನಲ್ಲಿದ್ದ ಹಿರಿಯರು ತಮ್ಮ ಚೀಲವನ್ನೂ ಅವರ ಚೀಲವನ್ನೂ ಒತ್ತಿಟ್ಟು ಭರಣಿಗೆ ಗೋಡೆ ಕಟ್ಟಿದರು. ಚಪ್ಪಲಿಗಳನ್ನೆಲ್ಲ ಒಳಗೆ ತಳ್ಳಿದ್ದೂ ಅವರೇ. ಅದರ ಪರಿಣಾಮ ಆಮೇಲೆ ಗೊತ್ತಾಯಿತು.

ಹತ್ತು ಗಂಟೆಗೆ ನಡುವಿನ ಹಲಗೆ ಎತ್ತಿ ಕೊಂಡಿ ಹಾಕಿದರು. ದೀಪ ಆರಿತು. ಶಾರದಮ್ಮ ಮಲಗಿದರು, ನಿದ್ದೆ ಮಾಡಲಿಲ್ಲ. ರೈಲು ನಿಂತಾಗಲೆಲ್ಲ ಏಳುತ್ತಿದ್ದರು, ನಡುವಿನ ಹಲಗೆಗೆ ತಲೆ ತಾಗಿಸಿಕೊಳ್ಳುತ್ತಿದ್ದರು.

"ಬೆಂಗಳೂರಾ?"

"ಬೀರೂರಮ್ಮ. ಮಲ್ಕೊಳ್ಳಿ."

"ಬೆಂಗಳೂರಾ?"

"ಅರಸೀಕೆರೆ. ನಾನೂ ಬೆಂಗಳೂರಲ್ಲೇ ಇಳಿಯೋದು. ಎಬ್ಬಿಸ್ತೀನಿ, ಮಲ್ಕೊಳ್ಳಿ."

ಹಿರಿಯರಿಗೂ ಪಾಪ, ಆ ರಾತ್ರಿ ನಿದ್ದೆ ಅಷ್ಟಕ್ಕಷ್ಟೇ. ಅರಸೀಕೆರೆ ದಾಟಿದ ಮೇಲೆ ಶಾರದಮ್ಮನಿಗೆ ಅದು ಹೇಗೋ ಕಣ್ಣು ಹತ್ತಿತು. ಎಚ್ಚರವಾದಾಗ ಮೈಮೇಲೆ ತನ್ನದಲ್ಲದ ಹೊದಿಕೆ. ಮೇಲೆ ನೋಡಿದರೆ ಹುಡುಗಿ ದುಪಟ್ಟಾ ಹೊದ್ದು ಮುದುಡಿಕೊಂಡಿದ್ದಳು. ಎದ್ದು ನಿಂತು, ಕೈ ಚಾಚಿ, ಅವಳ ಕಾಲಿನವರೆಗಷ್ಟೇ ಎಟುಕಿತು, ಅಷ್ಟಕ್ಕೇ ಹೊದಿಕೆ ಮುಚ್ಚಿದರು.

"ಅಮ್ಮಾ, ಯಶವಂತಪುರ ದಾಟ್ತು. ಇನ್ನು ನಮ್ಮದೇ."

ಗಡಿಬಿಡಿ ಶುರುವಾಯಿತು. ಭರಣಿ ಸಿಕ್ಕಿತು, ಚಪ್ಪಲಿ ಸಿಗಲಿಲ್ಲ. ಹಿರಿಯರು ನೆಲಕ್ಕೆ ಮೊಣಕಾಲೂರಿ ಮೊಬೈಲ್ ಟಾರ್ಚ್ ಹಿಡಿದರು. ನಡುವಿನವರು ಮೇಲಿನಿಂದಲೇ ಸಲಹೆ ಕೊಟ್ಟರು. ಒಂದು ಸಿಕ್ಕಿತು. ಇನ್ನೊಂದು ಯಾರದೋ ಟ್ರಂಕಿನ ಹಿಂದೆ ಇತ್ತು, ಕೈ ಹಾಕಿ ಎಳೆದರು. ಕತ್ತಲಲ್ಲಿ ಎರಡನ್ನೂ ಮೆಟ್ಟಿ, ಹುಡುಗಿಯ ಪಾದ ಮುಟ್ಟಿ "ಹೋಗ್ಬರ್ತೀನಿ ಕಣೇ" ಎಂದರು. ಅವಳಿಗೆ ಗಾಢ ನಿದ್ದೆ.

ಪ್ಲಾಟ್‌ಫಾರ್ಮಿನಲ್ಲಿ ಮಗ, ಸೊಸೆ, ನಿದ್ದೆಗಣ್ಣಿನ ಇಬ್ಬರು ಮಕ್ಕಳು. ಹಿರಿಯರು ಭರಣಿಯನ್ನು ಮಗನ ಕೈಗೆ ಕೊಟ್ಟು "ನೇರ ಹಿಡ್ಕೊಳ್ಳಿ" ಎಂದು ಹೇಳಿ ಜನರ ನಡುವೆ ಮರೆಯಾದರು. ಹೆಸರು ಕೇಳಬೇಕಿತ್ತು ಅಂತ ಶಾರದಮ್ಮನಿಗೆ ಆಗ ಹೊಳೆಯಿತು.

ಮೊಮ್ಮಗ ಹಲ್ಲಿಲ್ಲದ ಜಾಗ ತೋರಿಸಲು ಬಾಯಿ ತೆರೆದವನು, ಹಾಗೇ ಕೆಳಗೆ ನೋಡಿದ.

"ಅಜ್ಜೀ, ಒಂದು ಕಪ್ಪು, ಒಂದು ಗುಲಾಬಿ!"

ಗುಲಾಬಿ ಚಪ್ಪಲಿಗೆ ಹೂವಿನ ಪಟ್ಟಿ ಬೇರೆ. ಶಾರದಮ್ಮ ತಿರುಗಿದರು. ರೈಲು ಇನ್ನೂ ನಿಂತಿತ್ತು, ಆದರೆ ಬೋಗಿ ಯಾವುದಿತ್ತು? ಅಷ್ಟರಲ್ಲಿ ಮಗನ ಫೋನು ಬಡಿದುಕೊಂಡಿತು. ಆ ಕಡೆಯಿಂದ ನಗು, ಫೋನು ಕಿವಿಯಲ್ಲಿದ್ದರೂ ಎಲ್ಲರಿಗೂ ಕೇಳುವಷ್ಟು.

"ಅಜ್ಜಿ, ನನ್ನ ಒಂದು ಕಾಲು ತಗೊಂಡು ಹೋದ್ರಲ್ಲ! ಕಿಟಕಿ ಹತ್ರ ಬನ್ನಿ ಬೇಗ, ನಿಮ್ಮದು ಎಸೀತೀನಿ!"