ವಿಷಯ: 22ರ ಮೀಟಿಂಗ್‌ಗೆ ಬರಲಾಗುತ್ತಿಲ್ಲ, ನಮ್ಮ ತೋಟದ ವಿವರ ಬರೆದು ಕಳಿಸುತ್ತೇನೆ

ಪೂಣಚ್ಚ ಸರ್, ನಮಸ್ಕಾರ.

ಗುರುವಾರ, ಜನವರಿ 22ಕ್ಕೆ ಮಡಿಕೇರಿಯಲ್ಲಿ ಇಟ್ಟಿರುವ ಮೀಟಿಂಗ್‌ಗೆ ನನಗೆ ಬರಲಾಗುವುದಿಲ್ಲ. ಕೊನೇ ಗಳಿಗೆಯಲ್ಲಿ ಹೇಳುವುದು ಬೇಡ ಅಂತ ಈಗಲೇ ಬರೆಯುತ್ತಿದ್ದೇನೆ.

ಆ ವಾರ ಉಸಿರಾಡಲೂ ಪುರುಸೊತ್ತಿಲ್ಲ. ರೊಬಸ್ಟಾ ಕೊಯ್ಲು ಜೋರಾಗಿದೆ, ಕಣ ತುಂಬಿದೆ. ಮೊದಲು ಹರಡಿದ ಚೆರಿ ಒಣಗಿ ಮೂಟೆ ಸೇರದಿದ್ದರೆ ಹೊಸ ಹಣ್ಣು ಸುರಿಯಲು ಜಾಗವೇ ಇಲ್ಲ. ತೇವಾಂಶ ಶೇ. 11ಕ್ಕೆ ಇಳಿದಿದೆಯಾ ಅಂತ ಮೀಟರ್ ಹಿಡಿದು ನೋಡುವವನು ನಾನೊಬ್ಬನೇ. ಲಾರಿ ಬರುವುದೂ ಗುರುವಾರವೇ. ಇದರ ಮೇಲೆ 24 ನಾಲ್ಕನೇ ಶನಿವಾರ, 25 ಭಾನುವಾರ, 26 ಗಣರಾಜ್ಯೋತ್ಸವ. ಮೂರು ದಿನ ಬ್ಯಾಂಕ್ ಬಾಗಿಲು ಹಾಕಿರುತ್ತದೆ. ಶನಿವಾರದ ಬಟವಾಡೆಗೆ ಶುಕ್ರವಾರವೇ ದುಡ್ಡು ತರಬೇಕು, ಅಂದರೆ ಗುರುವಾರ ರಾತ್ರಿಯೊಳಗೆ ಎಲ್ಲರ ತೂಕದ ಲೆಕ್ಕ ಮುಗಿದಿರಬೇಕು. ಸಿದ್ದಾಪುರದಿಂದ ಮಡಿಕೇರಿಗೆ ಬಂದು ಹೋದರೆ ಅರ್ಧ ದಿನ ಅಲ್ಲೇ ಹೋಯಿತು.

ನೀವು ಕಳಿಸಿದ ಪಟ್ಟಿ ನೋಡಿದೆ. ಒಟ್ಟಾಗಿ ಮಾರುವ ಕಾಫಿಯ ವಿಷಯ ಬಿಟ್ಟರೆ ಉಳಿದದ್ದರಲ್ಲಿ ನನ್ನಿಂದ ಏನೂ ಬೇಕಾಗಿಲ್ಲ, ಅಲ್ವಾ? ಅದಕ್ಕೆ ಬೇಕಾದದ್ದನ್ನು ಮಂಗಳವಾರ ಸಂಜೆಯೊಳಗೆ ಒಂದು ಪುಟದಲ್ಲಿ ಬರೆದು ಕಳಿಸುತ್ತೇನೆ: ಎಷ್ಟು ಮೂಟೆ ಸಿದ್ಧವಿದೆ, ಪ್ರತಿ ಲಾಟಿನ ತೇವಾಂಶ, ಸ್ಯಾಂಪಲ್‌ನಲ್ಲಿ ಬಂದ ಓಟಿ, ಫೆಬ್ರವರಿಯಲ್ಲಿ ಇನ್ನೆಷ್ಟು ಕೊಡಬಹುದು. ರೇಟಿನ ಬಗ್ಗೆ ನನ್ನ ಅಭಿಪ್ರಾಯವನ್ನೂ ಸೇರಿಸುತ್ತೇನೆ. ಮೀಟಿಂಗ್‌ಗೆ ಮುಂಚೆ ಅದನ್ನು ಎಲ್ಲರಿಗೂ ವಾಟ್ಸಾಪ್ ಮಾಡಿಬಿಡಿ. ಅಂಕಿ ಮೊದಲೇ ಕೈಯಲ್ಲಿದ್ದರೆ ಅಲ್ಲಿ ಕೂತು ನಿಮ್ಮದೆಷ್ಟು, ನಮ್ಮದೆಷ್ಟು ಅಂತ ಕೇಳುತ್ತಾ ಹೊತ್ತು ಕಳೆಯುವುದು ತಪ್ಪುತ್ತದೆ.

ನನ್ನ ಪ್ರಕಾರ ಇಷ್ಟು ಸಾಕು. ಆದರೂ ನಮ್ಮ ಕಡೆಯಿಂದ ಒಬ್ಬರು ಕೂತಿರಲೇಬೇಕು ಅಂತಿದ್ದರೆ ರೈಟರ್ ಬೋಪಣ್ಣನವರನ್ನು ಕಳಿಸುತ್ತೇನೆ. ಮೂಟೆ, ಗೋದಾಮು, ಲಾರಿ ಲೆಕ್ಕ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಸಾಗಣೆ ದಿನ, ಬಾಡಿಗೆ ಹಂಚಿಕೆ ಬಗ್ಗೆ ಅವರು ಒಪ್ಪಿದರೆ ನಾನು ಒಪ್ಪಿದ ಹಾಗೆ. ರೇಟು ಮಾತ್ರ ಅವರ ತಲೆಗೆ ಕಟ್ಟಬೇಡಿ. ನಾನು ಬರೆದು ಕೊಟ್ಟದ್ದಕ್ಕಿಂತ ಕಡಿಮೆಗೆ ಇಳಿಸುವ ಮಾತು ಬಂದರೆ ಮಧ್ಯಾಹ್ನ 1ರಿಂದ 1.30ರೊಳಗೆ ಫೋನ್ ಮಾಡಿ. ಅದು ಆಳುಗಳ ಊಟದ ಹೊತ್ತು, ಆಗ ಸಮಾಧಾನವಾಗಿ ಮಾತಾಡಬಹುದು. ಉಳಿದ ಹೊತ್ತು ಕಣದ ಹತ್ತಿರ ಸಿಗ್ನಲ್ ಸಿಕ್ಕರೆ ಸಿಕ್ಕಿತು.

ಬೋಪಣ್ಣ ಬೇಕಾ ಬೇಡವಾ ಅಂತ ಸೋಮವಾರದೊಳಗೆ ತಿಳಿಸಿ. ಬರುವುದಾದರೆ ಅವರ ಜಾಗಕ್ಕೆ ತೂಕ ನೋಡಲು ಇನ್ನೊಬ್ಬರನ್ನು ಹುಡುಕಬೇಕು.

ಇಂತಿ,
ಮುತ್ತಣ್ಣ
ಸಿದ್ದಾಪುರ